ಜವಾರಿ ತತ್ತಿಯ ಹಳದಿ ಬೆಳ್ಳಗ ಅದ, ಅಂಗಡಿ ಕಂದು ತತ್ತಿಯ ಹಳದಿ ಕೇಸರಿ. ಯಾವುದು ಖರೇ ಜವಾರಿ?

ಆಳಂದ ರೋಡ್ ಅಕ್ಕ

ಎಲ್ಲಾರಿಗೂ ನಮಸ್ಕಾರ್ರಿ. ನಾವು ಕಲಬುರಗಿಯವ್ರು. ನನ್ನ ತಂಗಿ ಬಾಣಂತಿ, ಈಗ ನಮ್ಮ ಮನ್ಯಾಗೇ ಅದಾಳ. ಅವ್ವ "ಕೂಸಿಗಿ ಹಾಲು ಬರಬೇಕಂದ್ರ ಜವಾರಿ ತತ್ತಿನೇ ಕೊಡಬೇಕು, ಫಾರಂದು ಬ್ಯಾಡ" ಅಂತ ಹಟ ಹಿಡದಾಳ.

ನಮಗ ತತ್ತಿ ಎರಡು ಕಡಿಂದ ಬರ್ತಾವ. ಕಮಲಾಪುರ ಕಡಿ ಹಳ್ಳಿಯ ಒಬ್ಬ ಆಯಿ ವಾರಕ್ಕೊಮ್ಮೆ ಬುಟ್ಟಿಯಾಗ ತೊಗರಿ ಹೊಟ್ಟು ಹಾಕಿ ತರ್ತಾಳ, ಒಂದಕ್ಕ 15 ರೂಪಾಯಿ. ಇನ್ನೊಂದು ಸೂಪರ್ ಮಾರ್ಕೆಟ್ ಕಡಿ ಒಂದು ಅಂಗಡಿ. ಅಲ್ಲಿ "ಜವಾರಿ" ಅಂತ ಬೋರ್ಡ್ ಹಾಕಿ ಕಂದು ತತ್ತಿ 12ಕ್ಕ ಕೊಡ್ತಾರ.

ಮೊನ್ನೆ ಎರಡೂ ಕಡಿದು ಒಂದೊಂದು ಕುದಿಸಿ ಕೊಯ್ದು ನೋಡಿದ್ವಿ. ಆಯಿದು ಸಣ್ಣದು, ಸಿಪ್ಪಿ ಕೆನೆ ಬಣ್ಣ, ಒಳಗ ಹಳದಿ ಅನ್ನೋದು ಬರೇ ಹೆಸರಿಗೆ, ನಿಂಬಿಹಣ್ಣಿಗಿಂತ ತಿಳಿ. ಅಂಗಡಿದು ದೊಡ್ಡದು, ಸಿಪ್ಪಿ ಕಂದು, ಒಳಗ ಅಪ್ಪಟ ಕೇಸರಿ. ಅದನ್ನ ನೋಡಿ ನಮ್ಮ ಮೈದುನ "ಆಯಿ ಫಾರಂ ತತ್ತಿ ಬೆರೆಸಿ ಕೊಡ್ಲಿಕತ್ತಾಳ" ಅಂತಾನ. ನನಗ ನಂಬಿಕಿ ಬರವಲ್ದು, ಆಯಿ ನಮ್ಮತ್ತಿ ಕಾಲದಿಂದ ಬರ್ತಾಳ.

ಕಂದು ಸಿಪ್ಪಿಯಾಗ ಖರೇನೇ ಶಕ್ತಿ ಜಾಸ್ತಿ ಇರ್ತದೇನು? ಹಳದಿ ಬೆಳ್ಳಗ ಇದ್ರ ಆ ತತ್ತಿ ಜವಾರಿ ಅಲ್ಲ ಅಂತ ಅರ್ಥನಾ? ತಂಗಿಗಿ ಯಾವುದು ಕೊಡ್ಲಿ? ಗೊತ್ತಿದ್ದವ್ರು ಕಾರಣ ಸಮೇತ ಹೇಳ್ರಿ.

ಸೇಡಂ ಜಿಮ್

ಅಕ್ಕಾ, ಇದರಾಗ ವಿಚಾರ ಮಾಡೋದು ಏನಿಲ್ಲ. ಕಂದು ತತ್ತಿನೇ ಬೆಸ್ಟ್. ಹಳದಿ ಎಷ್ಟು ಕೇಸರಿ ಇರ್ತದೋ ಅಷ್ಟು ಎ ವಿಟಮಿನ್ ಜಾಸ್ತಿ, ಗಜ್ಜರಿ ಇದ್ದಂಗ. ಬಿಳಿ ತತ್ತಿ ಕೋಳಿಗೆ ಹಾರ್ಮೋನ್ ಇಂಜೆಕ್ಷನ್ ಹಾಕಿ ದಿನಾ ತತ್ತಿ ಇಡಸ್ತಾರ. ನಮ್ಮ ಟ್ರೇನರ್ ಬಿಳಿದು ಮುಟ್ಟಂಗಿಲ್ಲ. ನೀವು ಅಂಗಡಿದೇ ತಗೋರಿ, ಆಯಿದು ಬಿಡ್ರಿ.

ಬೀದರ್ ಪಶುವೈದ್ಯ

ಅಕ್ಕಾ, ಅವಸರದಲ್ಲಿ ಆಯಿಯನ್ನು ಬಿಡಬೇಡಿ. ನೀವು ಬರೆದಿದ್ದನ್ನು ಓದಿದರೆ ನನಗೆ ಅನುಮಾನ ಬರುವುದು ಅಂಗಡಿಯ ಬೋರ್ಡ್ ಮೇಲೆ.

ಸಿಪ್ಪೆಯ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ, ಮೇವಿನಿಂದ ಅಲ್ಲ. ತತ್ತಿ ಹೊಟ್ಟೆಯೊಳಗೆ ತಯಾರಾಗಲು ಸುಮಾರು ಒಂದು ದಿನ ಬೇಕು. ಅದರಲ್ಲಿ ಹೆಚ್ಚಿನ ಹೊತ್ತು ಸಿಪ್ಪೆ ಕಟ್ಟುವುದಕ್ಕೇ ಹೋಗುತ್ತದೆ. ಕಂದು ತತ್ತಿ ಇಡುವ ತಳಿಯಲ್ಲಿ, ಇಡುವ ಮುಂಚಿನ ಕೆಲವು ತಾಸುಗಳಲ್ಲಿ ಆ ಸಿಪ್ಪೆಯ ಮೇಲ್ಪದರಕ್ಕೆ ಬಣ್ಣ ಕೂಡುತ್ತದೆ. ಕಂದು ತತ್ತಿ ಒಡೆದು ಸಿಪ್ಪೆಯ ಒಳಮೈ ನೋಡಿ, ಬೆಳ್ಳಗೇ ಇರುತ್ತದೆ. ಆ ಬಣ್ಣ ಒಳಗಿನ ಲೋಳೆಗೂ ಹಳದಿಗೂ ಏನೂ ಕೊಡುವುದಿಲ್ಲ. ಒಂದೇ ಮೇವು ತಿಂದ ಬಿಳಿ ಲೆಗ್‌ಹಾರ್ನ್ ಮತ್ತು ಕಂದು ತತ್ತಿಯ ಕೋಳಿ, ಎರಡರ ತತ್ತಿಯಲ್ಲೂ ಪ್ರೋಟೀನ್ ಹೆಚ್ಚುಕಡಿಮೆ ಒಂದೇ. ಕಂದು ತತ್ತಿಯ ಕೋಳಿ ಮೈಯಲ್ಲಿ ದೊಡ್ಡದು, ಮೇವು ಜಾಸ್ತಿ ತಿನ್ನುತ್ತದೆ. ಬೆಲೆ ಏರುವುದಕ್ಕೆ ಅದೂ ಒಂದು ಕಾರಣ.

ಹಳದಿಯ ಬಣ್ಣದ ಕಥೆ ಬೇರೆ, ಅದು ಪೂರ್ತಿ ಮೇವಿನದು. ಆಯಿ ಕೋಳಿಗೆ ಏನು ಹಾಕುತ್ತಾಳೆ ಕೇಳಿದ್ದೀರಾ? ನಮ್ಮ ಕಡೆ ಹಳ್ಳಿಯಲ್ಲಿ ಕೋಳಿಗೆ ಬೀಳುವುದು ಬಿಳಿ ಜೋಳ, ಜೋಳದ ನುಚ್ಚು, ಉಳಿದ ರೊಟ್ಟಿ ಚೂರು. ಮಾಲದಂಡಿ ಜೋಳದಲ್ಲಿ ಹಳದಿಗೆ ರಂಗು ಕೊಡುವ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಮೆಕ್ಕೆಜೋಳದಲ್ಲಿ ಇದೆ, ಹಸಿರು ಸೊಪ್ಪಿನಲ್ಲಿ ಧಾರಾಳ ಇದೆ. ಈಗ ಮೇ ತಿಂಗಳು, ಹೊಲದಲ್ಲಿ ಹಸಿರು ಅನ್ನುವುದೇ ಇಲ್ಲ. ಕೋಳಿ ಎಲ್ಲಿಂದ ರಂಗು ತರಬೇಕು?

ನಿಮ್ಮ ಮನೆಯಲ್ಲಿ ಅಡುಗೆ ತಕ್ಕಡಿ ಇದ್ದರೆ ಎರಡೂ ಕಡೆಯ ತತ್ತಿ ತೂಗಿ ಹೇಳಿ. ಬಣ್ಣಕ್ಕಿಂತ ತೂಕ ಹೆಚ್ಚು ಮಾತಾಡುತ್ತದೆ.

ಚಿಂಚೋಳಿ ತೊಗರಿ

ಡಾಕ್ಟರ್ ಸಾಹೇಬ್ರು ಖರೇ ಹೇಳಿದ್ರು. ನಮ್ಮ ಮನ್ಯಾಗ ಹ್ಯಾಟಿ ಹುಂಜ ಸೇರಿ ಒಂದು ಇಪ್ಪತ್ತು ಅವ, ಅಜ್ಜನ ಕಾಲದಿಂದ ಸಾಕೀವಿ. ಮಳಿ ಬಿದ್ದು ಬದುವಿನ ಮ್ಯಾಲ ಹುಲ್ಲು ಚಿಗತ ಮ್ಯಾಲ ತತ್ತಿ ಒಡದ್ರ ಹಳದಿ ಕುಂಕುಮಕ್ಕ ಹತ್ತಿರ ಬರ್ತದ. ಬ್ಯಾಸಗ್ಯಾಗ ಅದೇ ಹ್ಯಾಟಿ ಇಟ್ಟ ತತ್ತಿ ಹಾಲಿನಂಗ. ಕೋಳಿ ಅದೇ, ಗೂಡು ಅದೇ.

ಹೋದ ಬ್ಯಾಸಗ್ಯಾಗ ಒಬ್ಬ ಗಿರಾಕಿ ಇದೇ ತಕರಾರು ತೆಗೆದಿದ್ದ. ನನ್ನ ಹೆಂಡ್ತಿ ದಿನಾ ಮುಂಜಾನಿ ಒಂದು ಬೊಗಸಿ ನುಗ್ಗಿ ಸೊಪ್ಪು ಸಣ್ಣಗ ಹೆಚ್ಚಿ ಜೋಳದ ನುಚ್ಚಿನಾಗ ಕಲಸಿ ಹಾಕಿದ್ಳು. ಮೊದಲ ಎರಡು ದಿನ ಏನೂ ಫರಕ್ ಕಾಣ್ಲಿಲ್ಲ. ಆಮ್ಯಾಲ ಮೆಲ್ಲಕ ಬಣ್ಣ ಏರಿ, ವಾರ ಹತ್ತು ದಿನದಾಗ ಹಳದಿ ಚೊಲೋ ಆತು. ಸೊಪ್ಪು ಬಿಟ್ಟ ಮ್ಯಾಲ ಮತ್ತ ಇಳೀತು. ಆಯಿಗಿ ಅಷ್ಟು ಹೇಳ್ರಿ, ಮನಿ ಮುಂದ ನುಗ್ಗಿ ಗಿಡ ಇದ್ದೇ ಇರ್ತದ.

ಬೀದರ್ ಪಶುವೈದ್ಯ

ತೊಗರಿ ಅಣ್ಣನ ಲೆಕ್ಕ ಸರಿಯಾಗಿದೆ. ಹಳದಿ ಒಂದೇ ದಿನಕ್ಕೆ ತುಂಬುವುದಿಲ್ಲ. ಕೋಳಿಯ ಒಳಗೆ ಅದು ಸುಮಾರು ಹತ್ತು ದಿನ ಪದರದ ಮೇಲೆ ಪದರವಾಗಿ ಬೆಳೆಯುತ್ತದೆ. ಇವತ್ತು ಹಾಕಿದ ಸೊಪ್ಪಿನ ಬಣ್ಣ ಹೊರಗಿನ ಪದರಕ್ಕೆ ಮಾತ್ರ ಸೇರುತ್ತದೆ. ಅದಕ್ಕೇ ಮೇವು ಬದಲಿಸಿದ ಮೊದಲ ದಿನಗಳಲ್ಲಿ ಫರಕ್ ಕಾಣುವುದಿಲ್ಲ.

ಇದೇ ವಿದ್ಯೆ ಫಾರಂನವರಿಗೂ ಗೊತ್ತು. ಮೇವಿನಲ್ಲಿ ಮೆಕ್ಕೆಜೋಳ ಇದ್ದೇ ಇರುತ್ತದೆ. ಹಳದಿ ಇನ್ನೂ ಗಾಢ ಬೇಕೆಂದರೆ ಚೆಂಡು ಹೂವಿನ ಸಾರ, ಮೆಣಸಿನಕಾಯಿಯ ಕೆಂಪು ರಂಗಿನ ಸಾರ ಬೆರೆಸುತ್ತಾರೆ. ಎಷ್ಟು ಬೆರೆಸಿದರೆ ಯಾವ ಬಣ್ಣ ಅಂತ ಹೋಲಿಸಿ ನೋಡಲು ಬಣ್ಣದ ಪಟ್ಟಿಯೇ ಸಿಗುತ್ತದೆ. ಅದು ಕಲಬೆರಕೆ ಅಲ್ಲ, ವಿಷವೂ ಅಲ್ಲ. ಆದರೆ ಕೇಸರಿ ಹಳದಿ ನೋಡಿ ಕೋಳಿ ಬಯಲಲ್ಲಿ ಓಡಾಡಿದೆ ಅಂತ ತಿಳಿಯುವುದು ತಪ್ಪು.

ಸೇಡಂ ತಮ್ಮಾ, ಗಜ್ಜರಿ ಮಾತು ಅರ್ಧ ಸರಿ. ಗಜ್ಜರಿಯ ಬಣ್ಣ ನಮ್ಮ ಮೈಯಲ್ಲಿ ಎ ಜೀವಸತ್ವ ಆಗುವುದು ಖರೇ. ಆದರೆ ಆ ಜಾತಿಯ ಬಣ್ಣವನ್ನು ಕೋಳಿ ತನ್ನ ಮೈಯಲ್ಲೇ ಎ ಜೀವಸತ್ವವಾಗಿ ಮಾಡಿಕೊಂಡುಬಿಡುತ್ತದೆ, ಹಾಗೆ ಆದದ್ದು ಹಳದಿಗೆ ರಂಗು ಕೊಡುವುದಿಲ್ಲ. ಹಳದಿಯಲ್ಲಿ ಕಾಣುವ ಬಣ್ಣ ಬಹುತೇಕ ಬೇರೆ ಜಾತಿಯದು, ಕಣ್ಣಿಗೆ ಒಳ್ಳೆಯದು, ಆದರೆ ಅದು ಎ ಜೀವಸತ್ವ ಆಗುವುದಿಲ್ಲ. ಬೆಳ್ಳನೆ ಹಳದಿಯಲ್ಲೂ ಎ ಜೀವಸತ್ವ ಚೆನ್ನಾಗಿಯೇ ಇರಬಹುದು. ಇನ್ನು ಹಾರ್ಮೋನ್ ಇಂಜೆಕ್ಷನ್ ಮಾತು ಬಿಡು. ಸಾವಿರಾರು ಕೋಳಿಗೆ ದಿನಾ ಸೂಜಿ ಚುಚ್ಚುವವರು ಯಾರು? ಫಾರಂ ಕೋಳಿ ವರ್ಷಕ್ಕೆ 300ರ ಮೇಲೆ ತತ್ತಿ ಇಡುವುದು ತಳಿ ಆರಿಸುತ್ತ ಬಂದದ್ದರಿಂದ, ದಿನಕ್ಕೆ 16 ತಾಸು ಬೆಳಕು ಕೊಡುವುದರಿಂದ, ಅಳೆದ ಮೇವಿನಿಂದ.

ಶಹಾಪುರ ಭಾಯಿ

ಡಾಕ್ಟರ್ ಸಾಬ್, ನಂದೂ ಒಂದು ಕೇಸ್ ಅದ. ನಮ್ಮ ಮನಿ ಹ್ಯಾಟಿ ಕಾವಿಗಿ ಕುಂತಿತ್ತು. ಮನ್ಯಾಗಿನ ತತ್ತಿ ತಿಂದು ಮುಗಿಸಿದ್ವಿ ಅಂತ ಅಂಗಡಿಂದ ಕಂದು ಜವಾರಿ ತತ್ತಿ ಒಂದು ಡಜನ್ ತಂದು ಅದರ ಕೆಳಗ ಇಟ್ಟೆ. 21 ದಿನ ಆಗಿ ಮ್ಯಾಲ ಮತ್ತ ನಾಕು ದಿನ ಕಾದೆ. ಒಂದು ಮರೀನೂ ಬರ್ಲಿಲ್ಲ. ಒಡದು ನೋಡಿದ್ರ ಒಳಗ ಬರೇ ನೀರು, ನಾತ. ಅಂದ್ರ ಅವು ಪ್ಲಾಸ್ಟಿಕ್ ತತ್ತಿನೇ ಇರಬೇಕಲ್ಲ? ಕಂದು ತತ್ತಿ ಕಾವಿಗಿ ಯಾವ ಅಂಗಡ್ಯಾಗ ಸಿಗ್ತಾವ ಹೇಳ್ರಿ.

ಬೀದರ್ ಪಶುವೈದ್ಯ

ಭಾಯಿ, ಪ್ಲಾಸ್ಟಿಕ್ ಆಗಿದ್ದರೆ ನಾತ ಬರುತ್ತಿರಲಿಲ್ಲ. ಅವು ನಿಜವಾದ ತತ್ತಿಯೇ, ಹುಂಜ ಇಲ್ಲದ ಕೋಳಿ ಇಟ್ಟವು, ಅಷ್ಟೆ. ತತ್ತಿಯ ಫಾರಂನಲ್ಲಿ ಹುಂಜ ಸಾಕುವುದಿಲ್ಲ. ಆ ತತ್ತಿಯನ್ನು ಎಷ್ಟು ದಿನ ಕಾವಿಗೆ ಇಟ್ಟರೂ ಮರಿ ಬರದು. ಕಾವಿಗೆ ಬೇಕಾದರೆ ಹುಂಜ ಇರುವ ಮನೆಯಿಂದ ವಾರದೊಳಗಿನ ತತ್ತಿ ತನ್ನಿ. ಗಿರಿರಾಜ, ಸ್ವರ್ಣಧಾರಾ ಅಂಥ ತಳಿ ಬೇಕಾದರೆ ಬೀದರಿನ ನಮ್ಮ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ಮರಿ ಯಾವಾಗ ಸಿಗುತ್ತವೆ ಅಂತ ವಿಚಾರಿಸಿ.

ನಿಮ್ಮ ಕೇಸಿನಿಂದ ಅಕ್ಕನಿಗೂ ಒಂದು ವಿಷಯ ತಿಳಿಯುತ್ತದೆ. "ಜವಾರಿ" ಅಂತ ಮಾರಿದ ಒಂದು ಡಜನ್ನಿನಲ್ಲಿ ಒಂದೂ ಕಾವು ಹಿಡಿಯಲಿಲ್ಲ ಅಂದರೆ ಅವು ಫಾರಂನ ಕಂದು ತಳಿಯವು ಇರುವ ಸಂಭವ ಬಹಳ. ಖಾತ್ರಿ ಅಂತ ಹೇಳಲಾರೆ, ಹಳೇ ತತ್ತಿಯೂ ಕಾವು ಹಿಡಿಯುವುದಿಲ್ಲ.

ಆಳಂದ ರೋಡ್ ಅಕ್ಕ

ಸರ್, ತೂಗಿ ನೋಡ್ದೆ. ಆಯಿವು ಆರು: 38, 41, 36, 40, 42, 37 ಗ್ರಾಂ. ಬಣ್ಣಾನೂ ಒಂದರಂಗ ಒಂದಿಲ್ಲ. ಎರಡು ಪೂರಾ ಬಿಳಿ ಅನ್ನಬೌದು, ಮೂರು ಕೆನೆ ಬಣ್ಣ, ಒಂದು ತಿಳಿ ಕಂದು. ಒಂದರ ಮ್ಯಾಲ ಹಿಕ್ಕಿ ಹತ್ತಿ ಒಣಗಿತ್ತು. ಅಂಗಡಿವು ಆರು: ಎಲ್ಲಾನೂ 56ರಿಂದ 58ರ ಒಳಗ, ಆರೂ ಒಂದೇ ಕಂದು, ಸ್ವಚ್ಛ.

ಮತ್ತ ಬುರ್ಜಿ ಮಾಡೋ ಮುಂಚೆ ಎರಡೂ ಕಡಿದು ಒಂದೊಂದು ಒಡದು ಹಳದಿ ಬ್ಯಾರೆ ಮಾಡಿ ತೂಗಿದೆ. ಆಯಿದು 40 ಗ್ರಾಂದ್ದು: ಹಳದಿ 13, ಲೋಳಿ 22, ಸಿಪ್ಪಿ 5. ಅಂಗಡಿದು 57 ಗ್ರಾಂದ್ದು: ಹಳದಿ 16, ಲೋಳಿ 35, ಸಿಪ್ಪಿ 6. ಆಯಿಗಿ ಫೋನ್ ಮಾಡಿ ಮೇವು ಕೇಳ್ದೆ. "ಜ್ವಾಳ, ಮತ್ತ ತಿಪ್ಪಿ ಕೆದರಿ ಏನ್ ಸಿಗ್ತದೋ ಅದು" ಅಂದ್ಳು.

ಬೀದರ್ ಪಶುವೈದ್ಯ

ಇಷ್ಟು ಅಚ್ಚುಕಟ್ಟಾಗಿ ತೂಗಿದ್ದಕ್ಕೆ ಸಂತೋಷ. ನಿಮ್ಮ ಆಯಿಯದು ಜವಾರಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಹಳ್ಳಿಯ ಕೋಳಿ ತತ್ತಿ 35ರಿಂದ 45 ಗ್ರಾಂ ಇರುತ್ತದೆ. ನಾಲ್ಕಾರು ಬೇರೆ ಬೇರೆ ಕೋಳಿಯವು ಸೇರಿದ್ದರಿಂದ ಬಣ್ಣ, ಗಾತ್ರ ಎರಡೂ ಒಂದೇ ಸಮ ಇರುವುದಿಲ್ಲ. ಆರಕ್ಕೆ ಆರೂ 57 ಗ್ರಾಂ ಆಸುಪಾಸು, ಆರಕ್ಕೆ ಆರೂ ಒಂದೇ ಕಂದು ಅಂದರೆ ಅದು ಒಂದೇ ತಳಿ, ಒಂದೇ ವಯಸ್ಸು, ಒಂದೇ ಶೆಡ್. ತತ್ತಿ ಒಳ್ಳೆಯದೇ ಇರಬಹುದು, "ಜವಾರಿ" ಅನ್ನುವ ಹೆಸರು ಮಾತ್ರ ಒಪ್ಪುವುದಿಲ್ಲ. ಒಂದು ಎಚ್ಚರಿಕೆ: ಫಾರಂ ಕೋಳಿ ಮೊದಮೊದಲು ಇಡುವ ತತ್ತಿಯೂ ಸಣ್ಣದೇ, ಅದನ್ನು ಜವಾರಿ ಅಂತ ಮಾರುವವರೂ ಇದ್ದಾರೆ. ಹಾಗಾಗಿ ತೂಕ ಒಂದನ್ನೇ ನೋಡದೆ ಬಣ್ಣದ ಏರುಪೇರನ್ನೂ ಸೇರಿಸಿ ನೋಡಿ.

ಈಗ ಪೌಷ್ಟಿಕತೆಗೆ ಬರೋಣ. ಸಿಪ್ಪೆ ಬಿಟ್ಟು ತಿನ್ನುವ ಭಾಗದಲ್ಲಿ ಪ್ರೋಟೀನ್ ಶೇಕಡಾ ಹನ್ನೆರಡೂವರೆಯ ಆಸುಪಾಸು, ಯಾವ ತತ್ತಿಯಾದರೂ. ಆಯಿಯ ತತ್ತಿಯಲ್ಲಿ ತಿನ್ನುವ ಭಾಗ 35 ಗ್ರಾಂ, ಅದರಲ್ಲಿ ಪ್ರೋಟೀನ್ ಸುಮಾರು 4.4 ಗ್ರಾಂ. ಅಂಗಡಿಯದರಲ್ಲಿ 51 ಗ್ರಾಂ, ಪ್ರೋಟೀನ್ 6.4 ಗ್ರಾಂ. ಒಂದು ತತ್ತಿಗೆ ಒಂದು ತತ್ತಿ ಅಂತ ಹೋಲಿಸಿದರೆ ಫಾರಂದೇ ಹೆಚ್ಚು ಕೊಡುತ್ತದೆ. ರೂಪಾಯಿ ಲೆಕ್ಕದಲ್ಲಿ ಆಯಿಯ ತತ್ತಿಯ ಒಂದು ಗ್ರಾಂ ಪ್ರೋಟೀನಿಗೆ ಮೂರೂವರೆ ರೂಪಾಯಿ ಹತ್ತಿರ ಬೀಳುತ್ತದೆ, ಅಂಗಡಿಯ ಕಂದು ತತ್ತಿಯಲ್ಲಿ ಎರಡು ರೂಪಾಯಿಗೆ ಸ್ವಲ್ಪ ಕಡಿಮೆ. ಏಳು ರೂಪಾಯಿಗೆ ಸಿಗುವ ಸಾದಾ ಬಿಳಿ ತತ್ತಿಯಲ್ಲಿ ಅದು ಒಂದು ರೂಪಾಯಿ ಚಿಲ್ಲರೆ.

ಆದರೆ ನಿಮ್ಮ ತೂಕದಲ್ಲೇ ಇನ್ನೊಂದು ಸಂಗತಿ ಇದೆ. ಆಯಿಯ ತತ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಹಳದಿ. ಅಂಗಡಿಯದರಲ್ಲಿ ಹಳದಿ ಶೇಕಡಾ 28 ಮಾತ್ರ, ಉಳಿದದ್ದು ಲೋಳೆ ಮತ್ತು ಸಿಪ್ಪೆ. ತತ್ತಿಯ ಕೊಬ್ಬು, ಎ, ಡಿ, ಇ ಜೀವಸತ್ವ ಎಲ್ಲ ಇರುವುದು ಹಳದಿಯಲ್ಲಿ. ಸಮ ತೂಕ ತಿಂದರೆ ಜವಾರಿ ಸ್ವಲ್ಪ ಸಮೃದ್ಧ, ಬಾಯಿಗೆ ದಟ್ಟ ಅನ್ನಿಸುವುದೂ ಇದರಿಂದಲೇ.

ಸೇಡಂ ಜಿಮ್

ಹಂಗಾದ್ರ ಬಯಲು ಕೋಳಿ ತತ್ತಿಯಾಗ ಒಮೆಗಾ-3 ಜಾಸ್ತಿ ಅಂತ ಎಲ್ಲಾ ಕಡಿ ಹೇಳ್ತಾರಲ್ಲ ಸರ್, ಅದೂ ಸುಳ್ಳೇನು?

ಬೀದರ್ ಪಶುವೈದ್ಯ

ಸುಳ್ಳಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೂಡಿನ ಕೋಳಿಗಿಂತ ಹಸಿರು ಹುಲ್ಲುಗಾವಲಿನಲ್ಲಿ ಮೇಯ್ದ ಕೋಳಿಯ ತತ್ತಿಯಲ್ಲಿ ಇ ಜೀವಸತ್ವ ಎರಡು ಪಟ್ಟು, ಒಮೆಗಾ-3 ಎರಡು ಪಟ್ಟಿಗೂ ಮೇಲೆ ಇತ್ತು. ಆದರೆ ಗಮನಿಸು, ಆ ಎರಡೂ ಗುಂಪಿನ ಕೋಳಿ ಫಾರಂ ತಳಿಯವೇ. ಫರಕ್ ಮಾಡಿದ್ದು ಹಸಿರು, ತಳಿ ಅಲ್ಲ. ಅಲ್ಲಿ ಅವು ಮೇಯ್ದದ್ದು ಕುದುರೆ ಮೆಂತೆ ಜಾತಿಯ ಎಳೆ ಹಸಿರು. ಮೇ ತಿಂಗಳ ನಮ್ಮ ಕರಿ ಹೊಲದಲ್ಲಿ ಬಿರುಕು ಬಿಟ್ಟರೆ ಬೇರೇನಿದೆ? ಅದೇ ಆಯಿಯ ಕೋಳಿ ಶ್ರಾವಣದಲ್ಲಿ ಇಡುವ ತತ್ತಿಗೆ ಈ ಮಾತು ಹೊಂದೀತು, ಈಗಿನದಕ್ಕೆ ಹೊಂದುವುದಿಲ್ಲ. ಬಿಸಿಲಲ್ಲಿ ಓಡಾಡುವ ಕೋಳಿಗೆ ಡಿ ಜೀವಸತ್ವ ಮಾತ್ರ ಯಾವ ಕಾಲದಲ್ಲೂ ಚೆನ್ನಾಗಿ ಸಿಗುತ್ತದೆ. ಫಾರಂನಲ್ಲಿ ಆ ಕೊರತೆ ಆಗದಿರಲಿ ಅಂತ ಮೇವಿನಲ್ಲೇ ಬೆರೆಸುತ್ತಾರೆ.

ಸುರಪುರ ಮೊಬೈಲ್ ಅಂಗಡಿ

ಒಂದು ಮಾತು ನಡುವ ಸೇರಸ್ತೀನಿ. ಬಿಳಿ ತತ್ತಿ ಚಹಾ ಡಿಕಾಕ್ಷನ್‌ದಾಗ ನೆನೆಸಿ ಕಂದು ಮಾಡಿ ಜವಾರಿ ಅಂತ ಮಾರೋದು ಸುದ್ದಿಯಾಗ ಬಂದಿತ್ತು. ಕಂಡು ಹಿಡಿಲಿಕ್ಕ ನಿಂಬಿಹಣ್ಣು ಹಚ್ಚಿ ತಿಕ್ಕರಿ, ಬಣ್ಣ ಬಿಟ್ರ ಖೊಟ್ಟಿ ಅಂತ ವಿಡಿಯೋದಾಗ ಹೇಳ್ತಾರ. ಮನ್ಯಾಗ ಮಾಡಿ ನೋಡಿದ್ರ ಎಲ್ಲಾ ಕಂದು ತತ್ತೀನೂ ಬಣ್ಣ ಬಿಟ್ವು.

ಬೀದರ್ ಪಶುವೈದ್ಯ

ಬಿಟ್ಟೇ ಬಿಡುತ್ತವೆ. ನಿಜವಾದ ಕಂದೂ ಸಿಪ್ಪೆಯ ಮೇಲ್ಪದರದಲ್ಲೇ ಇರುವುದು. ಹುಳಿ ಬಿದ್ದರೆ ಸಿಪ್ಪೆಯ ಸುಣ್ಣ ಕರಗಿ ಬಣ್ಣವೂ ಜೊತೆಗೆ ಬರುತ್ತದೆ. ಆ ಪರೀಕ್ಷೆಯಿಂದ ಒಳ್ಳೆಯ ವ್ಯಾಪಾರಿಗೆ ಸುಮ್ಮನೆ ಕೆಟ್ಟ ಹೆಸರು. ನಿಮ್ಮ ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೀಲಿ ಲೈಟ್ ಇದ್ದರೆ ಕತ್ತಲೆಯಲ್ಲಿ ತತ್ತಿಗೆ ಹಿಡಿದು ನೋಡಿ.

ಸುರಪುರ ಮೊಬೈಲ್ ಅಂಗಡಿ

ಈಗಷ್ಟೇ ಶಟರ್ ಇಳಿಸಿ ನೋಡ್ದೆ ಸರ್. ಕಂದು ತತ್ತಿ ಕೆಂಡದಂಗ ಕೆಂಪು ಹೊಳೀತು! ಅಜ್ಜಿ ಮನಿಂದ ತಂದ ಕೆನೆ ಬಣ್ಣದ್ದು ತಿಳಿ ಗುಲಾಬಿ. ಚಹಾದಾಗ ನೆನೆಸಿದ ಬಿಳಿ ತತ್ತಿ ಒಂದು ನಾನೇ ಮಾಡಿ ಇಟ್ಟಿದ್ದೆ, ಅದು ಮಂಕು.

ಬೀದರ್ ಪಶುವೈದ್ಯ

ಸಹಜ ಕಂದು ಬಣ್ಣಕ್ಕೆ ಆ ಗುಣ ಇದೆ, ಅಂಥ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತದೆ. ಆದರೆ ಇದರಿಂದ ತಿಳಿಯುವುದು ಬಣ್ಣ ಕೋಳಿಯದೇ ಅಂತ ಮಾತ್ರ. ಜವಾರಿ ಕೋಳಿಯೋ ಫಾರಂ ಕೋಳಿಯೋ ಅಂತ ಲೈಟ್ ಹೇಳುವುದಿಲ್ಲ. ಹಳೆಯದಾದ ತತ್ತಿ, ಬಿಸಿಲು ಬಿದ್ದ ತತ್ತಿ ಕಡಿಮೆ ಹೊಳೆಯಬಹುದು, ಅದನ್ನೂ ನೆನಪಿಡಿ.

ಹುಮನಾಬಾದ್ ಖಾನಾವಳಿ

ರುಚಿ ಬಗ್ಗೆ ನಾ ಹೇಳ್ತೀನಿ, ದಿನಾ ಟ್ರೇಗಟ್ಟಲೆ ತತ್ತಿ ಒಡಿಯೋರು ನಾವು. ತತ್ತಿ ಸಾರಿನಾಗ, ಬುರ್ಜಿಯಾಗ ಯಾವ ಗಿರಾಕಿಗೂ ಫರಕ್ ಗೊತ್ತಾಗಂಗಿಲ್ಲ. ಉಳ್ಳಾಗಡ್ಡಿ, ಖಾರ, ಮಸಾಲಿ ಬಿದ್ದ ಮ್ಯಾಲ ಜವಾರಿ ಯಾವುದು, ಫಾರಂ ಯಾವುದು? ಹಾಫ್ ಫ್ರೈದಾಗ ಮಾತ್ರ ಗೊತ್ತಾಗ್ತದ. ತಾಜಾ ಜವಾರಿ ತತ್ತಿ ತವಾದ ಮ್ಯಾಲ ಒಡದ್ರ ಹಳದಿ ಗುಂಡಗ ಎದ್ದು ಕುಂಡ್ರತದ, ಲೋಳಿ ಹರಿಯಂಗಿಲ್ಲ, ಅಂಚು ಕಟ್ತದ. ಅದೇ ಜವಾರಿ ತತ್ತಿ ಸಂತಿಂದ ಸಂತಿಗೆ ಬಿಸಿಲಾಗ ಇಟ್ಟು ತಂದಿದ್ದಾದ್ರ ತವಾ ತುಂಬ ನೀರಾಗಿ ಹರಿತದ, ಹಳದಿ ಎತ್ತೂದ್ರೊಳಗ ಒಡಿತದ. ಆವಾಗ ನಿನ್ನೆ ಬಂದ ಫಾರಂ ತತ್ತಿ ಎಷ್ಟೋ ವಾಸಿ.

ಮತ್ತ ಒಮ್ಮೆ ಒಂದು ಕಡಿಂದ ಬಂದ ಕಂದು ತತ್ತಿ ಪೂರಾ ಮೀನಿನ ವಾಸನಿ ಹೊಡಿತಿದ್ವು. ಅವತ್ತಿಂದ ಕಂದು ತರಸೋದು ಬಿಟ್ಟೀವಿ.

ಚಿಂಚೋಳಿ ತೊಗರಿ

ಖಾನಾವಳಿ ಕಾಕಾ, ಮಸಾಲ್ಯಾಗ ಗೊತ್ತಾಗಂಗಿಲ್ಲ ಅನ್ನೋದು ನಾ ಒಪ್ಪಂಗಿಲ್ಲ. ನಮ್ಮ ಮನ್ಯಾಗ ಖಾರ ಹಾಕಿ ಮಾಡಿದ್ರೂ ಜವಾರಿ ಹಳದಿ ನಾಲಗಿಗಿ ಬೆಣ್ಣಿ ಹತ್ತಿದಂಗ ಹತ್ತತದ. ಫಾರಂದು ಒಣ ಒಣ.

ಹುಮನಾಬಾದ್ ಖಾನಾವಳಿ

ತಮ್ಮಾ, ಕಣ್ಣು ಮುಚ್ಚಿ ತಿಂದು ನೋಡು. ಎರಡೂ ಒಂದೇ ದಿನ ಇಟ್ಟ ತತ್ತಿ ಇರಬೇಕು, ಒಂದೇ ಪಾತ್ರ್ಯಾಗ ಕುದಿಸಬೇಕು, ಸುಲಿದು ಕತ್ತರಿಸಿ ಕೊಡೋರು ಬ್ಯಾರೆಯವ್ರು ಇರಬೇಕು. ಸಣ್ಣ ತತ್ತಿ ಲಗೂನ ಬೇಯ್ತದ, ಅದನ್ನ ಎರಡು ನಿಮಿಷ ಮೊದಲು ತೆಗಿಬೇಕು. ಇಲ್ಲಂದ್ರ ಹಳದಿ ಒಣಗಿ ಅದರದೇ ತಪ್ಪು ಅನಸ್ತದ.

ಚಿಂಚೋಳಿ ತೊಗರಿ

ಮಾಡೂಣ ಕಾಕಾ. ಆದ್ರ ನನ್ನ ನಾಲಗಿ ನನಗ ಗೊತ್ತದ.

ಬೀದರ್ ಪಶುವೈದ್ಯ

ನಿಮ್ಮಿಬ್ಬರ ನಡುವೆ ನಾನು ತೀರ್ಪು ಕೊಡಲಾರೆ. ಹಳದಿಯ ಪಾಲು ಹೆಚ್ಚಿರುವುದರಿಂದ ಜವಾರಿಯದು ಬೆಣ್ಣೆಯಂತೆ ಅನ್ನಿಸುವುದಕ್ಕೆ ಕಾರಣ ಇದೆ. ಹಾಗೇ ಗಾಢ ಬಣ್ಣ ಕಣ್ಣಿಗೆ ಬಿದ್ದಾಗ ನಾಲಿಗೆಯೂ ಅದರ ಹಿಂದೆ ಹೋಗುತ್ತದೆ. ಮೀನಿನ ವಾಸನೆಗೆ ಸಾಮಾನ್ಯವಾಗಿ ಮೇವಿನಲ್ಲಿ ಒಣಮೀನಿನ ಪುಡಿ ಜಾಸ್ತಿ ಬಿದ್ದದ್ದು ಕಾರಣ. ಕೆಲವು ಕಂದು ತತ್ತಿಯ ತಳಿಗಳಲ್ಲಿ ಇನ್ನೊಂದು ದೋಷ ಇತ್ತು. ಸಾಸಿವೆ ಜಾತಿಯ ಹಿಂಡಿ ತಿಂದರೆ ಆ ವಾಸನೆಯ ಅಂಶವನ್ನು ಅವುಗಳ ಮೈ ಕರಗಿಸಿಕೊಳ್ಳಲಾರದೆ ಹಳದಿಗೆ ಸೇರಿಸುತ್ತಿತ್ತು. ಬಿಳಿ ಲೆಗ್‌ಹಾರ್ನ್‌ನಲ್ಲಿ ಈ ತೊಂದರೆ ಇಲ್ಲ. ನಿಮಗೆ ಬಂದದ್ದು ಯಾವ ಕಾರಣಕ್ಕೋ ಮೇವು ನೋಡದೆ ಹೇಳಲಾಗದು.

ಖಾನಾವಳಿಯವರು ಬಿಸಿಲಿನ ಮಾತು ತೆಗೆದದ್ದು ಒಳ್ಳೆಯದಾಯಿತು. ಜವಾರಿ ತತ್ತಿಗೆ ನಮ್ಮ ಕಡೆಯ ದೊಡ್ಡ ಶತ್ರು ಅದೇ. ಹಳ್ಳಿಯಲ್ಲಿ ಹುಂಜ ಇರುವುದರಿಂದ ತತ್ತಿಯಲ್ಲಿ ಜೀವ ಇರುತ್ತದೆ. ಮನೆಯೊಳಗಿನ ಸೆಕೆ ಮೂವತ್ತೈದು ಡಿಗ್ರಿ ದಾಟಿದರೆ ಕೋಳಿ ಕೂರದಿದ್ದರೂ ಒಳಗೆ ಕಾವು ಶುರುವಾಗುತ್ತದೆ. ಎರಡು ಮೂರು ದಿನದಲ್ಲಿ ಹಳದಿಯ ಮೇಲೆ ಕೆಂಪು ಬಳೆಯಂತೆ ರಕ್ತದ ಗೆರೆ ಮೂಡುತ್ತದೆ. ಫಾರಂ ತತ್ತಿಯಲ್ಲಿ ಜೀವವೇ ಇಲ್ಲ, ಅದು ಆ ದಾರಿ ಹಿಡಿಯುವುದಿಲ್ಲ.

ಅಕ್ಕಾ, ಆಯಿ ತಂದ ತತ್ತಿಯನ್ನು ಒಂದು ಬಟ್ಟಲು ನೀರಲ್ಲಿ ಬಿಡಿ. ಅಡ್ಡ ಮಲಗಿದರೆ ತಾಜಾ. ದಪ್ಪ ತುದಿ ಮೇಲೆತ್ತಿ ನಿಂತರೆ ಹಳೆಯದಾಗುತ್ತಿದೆ, ಬೇಗ ಪೂರ್ತಿ ಬೇಯಿಸಿ ಮುಗಿಸಿ. ತೇಲಿದರೆ ಎಸೆದುಬಿಡಿ. ಪರೀಕ್ಷೆ ಮಾಡಿದ್ದನ್ನು ಒರೆಸಿ ಅವತ್ತೇ ಬಳಸಿ. ನೀರು ತಾಕಿದ ಸಿಪ್ಪೆಯ ರಂಧ್ರಗಳಿಂದ ಹೊಲಸು ಒಳಗೆ ಹೋಗುತ್ತದೆ. ಹಿಕ್ಕೆ ಅಂಟಿದ್ದನ್ನು ಬಾಣಂತಿಗೆ ಕೊಡಬೇಡಿ.

ಅಂಗನವಾಡಿ ಅಕ್ಕ, ಯಾದಗಿರಿ

ನಂದೊಂದು ಪ್ರಶ್ನೆ ಅದ. 2021ರ ಡಿಸೆಂಬರ್‌ದಾಗ ಅಪೌಷ್ಟಿಕತೆ ಜಾಸ್ತಿ ಅಂತ ಮೊದಲು ನಮ್ಮ ಕಲ್ಯಾಣ ಕರ್ನಾಟಕ ಕಡಿ ಜಿಲ್ಲೆಗಳ ಶಾಲಿ ಮಕ್ಕಳಿಗೇ ತತ್ತಿ ಶುರು ಮಾಡಿದ್ರು. ಅಲ್ಲೂ ನಮ್ಮಲ್ಲೂ ಬರೋದು ಬಿಳಿ ಫಾರಂ ತತ್ತಿ. ಕೆಲವು ತಾಯಂದ್ರು "ಬಿಳಿದು ತಿಂದ್ರ ಹುಡಗ್ಯಾರು ಲಗೂನ ದೊಡ್ಡವರಾಗ್ತಾರ, ನಮ್ಮ ಕೂಸಿಗಿ ಕೊಡಬ್ಯಾಡ್ರಿ" ಅಂತಾರ. ಮನ್ಯಾಗ ಜವಾರಿ ಕೊಡ್ತಾರೇನಂದ್ರ ಅದೂ ಇಲ್ಲ, ಮನಿ ಕೋಳಿ ತತ್ತಿ ಸಂತಿಗಿ ಹೋಗ್ತದ. ಅವ್ರಿಗಿ ಏನ್ ಹೇಳ್ಲಿ?

ಬೀದರ್ ಪಶುವೈದ್ಯ

ಅಕ್ಕಾ, ಹಾರ್ಮೋನ್ ಹಾಕುವುದಿಲ್ಲ ಅನ್ನುವುದನ್ನು ನೇರವಾಗಿ ಹೇಳಿ. ಮಕ್ಕಳಿಗೆ ಪ್ರೋಟೀನ್ ಮುಖ್ಯ, ಬಿಳಿ ತತ್ತಿ ಒಂದರಲ್ಲಿ ಜವಾರಿ ಒಂದಕ್ಕಿಂತ ಅದು ಹೆಚ್ಚೇ ಇದೆ. ಮನೆಯಲ್ಲಿ ಕೋಳಿ ಇರುವ ತಾಯಿ ಜವಾರಿ ತತ್ತಿ 15ಕ್ಕೆ ಮಾರಿದರೆ ಆ ದುಡ್ಡಿಗೆ ಎರಡು ಬಿಳಿ ತತ್ತಿ ಬರುತ್ತವೆ. ಎರಡೂ ಕೂಸಿನ ಹೊಟ್ಟೆಗೆ ಹೋದರೆ ಲಾಭ ಕೂಸಿಗೇ.

ಸೇಡಂ ಜಿಮ್

ಸರ್, ಹಾರ್ಮೋನ್ ಇಲ್ಲ ಅಂತ ಇಟ್ಕೊಳ್ಳೂಣ. ಆ್ಯಂಟಿಬಯೋಟಿಕ್? ಅದು ತತ್ತಿಯಾಗ ಉಳಿಯಂಗಿಲ್ಲ ಅಂತ ಖಾತ್ರಿ ಕೊಡ್ತೀರೇನು?

ಬೀದರ್ ಪಶುವೈದ್ಯ

ಕೊಡಲಾರೆ. ಇದು ಸರಿಯಾದ ಪ್ರಶ್ನೆ. ಔಷಧ ಕೊಟ್ಟ ಮೇಲೆ ಇಂತಿಷ್ಟು ದಿನ ತತ್ತಿ ಮಾರಬಾರದು ಅನ್ನುವ ನಿಯಮ ಇದೆ, ಪಾಲಿಸುವವರೂ ಇದ್ದಾರೆ, ಪಾಲಿಸದವರೂ ಇದ್ದಾರೆ. ಲ್ಯಾಬ್ ಪರೀಕ್ಷೆ ಇಲ್ಲದೆ ಮನೆಯಲ್ಲಿ ಕಂಡುಹಿಡಿಯಲಾಗದು. ಆದರೆ ಫಾರಂನ ಕಂದು ತತ್ತಿಗೂ ಬಿಳಿ ತತ್ತಿಗೂ ಈ ವಿಷಯದಲ್ಲಿ ವ್ಯತ್ಯಾಸ ಇಲ್ಲ, ಬಣ್ಣ ಬದಲಿಸಿದರೆ ಔಷಧ ತಪ್ಪುವುದಿಲ್ಲ. ಹಳ್ಳಿ ಕೋಳಿಯ ಬಗ್ಗೆಯೂ ನನಗೆ ಚಿಂತೆ ಇದೆ. ಹತ್ತಿಗೆ ಔಷಧ ಹೊಡೆದ ಹೊಲದಲ್ಲಿ, ಗಟಾರದ ಅಂಚಿನಲ್ಲಿ ಅದು ಏನು ಕೆದಕಿ ತಿಂದಿದೆ ಯಾರಿಗೆ ಗೊತ್ತು? ಆಯಿಯ ಮನೆ ಸುತ್ತ ಏನಿದೆ ಅನ್ನುವುದು ತಿಳಿದಿದ್ದರೆ ಒಳ್ಳೆಯದು.

ಆಳಂದ ರೋಡ್ ಅಕ್ಕ

ಎಲ್ಲಾರ ಮಾತೂ ಅವ್ವಗ ಓದಿ ಹೇಳ್ದೆ. ಹಿಂಗ ಮಾಡ್ಲಿಕತ್ತೀವಿ: ತಂಗಿಗಿ ದಿನಾ ಎರಡು ಬಿಳಿ ಫಾರಂ ತತ್ತಿ, ಪೂರಾ ಕುದಿಸಿ. ಆಯಿ ಬಂದ ದಿನ ಮತ್ತ ಮರುದಿನ ಅವಳ ತತ್ತಿ. ಅಂಗಡಿ ಕಂದು ತತ್ತಿ ನಿಲ್ಲಿಸಿದ್ವಿ, ಅದರಾಗ ದೋಷ ಅಂತಲ್ಲ, ಬಿಳಿದರಾಗ ಇರೋದಕ್ಕ ಐದು ರೂಪಾಯಿ ಜಾಸ್ತಿ ಯಾಕ ಕೊಡಬೇಕು? ಆಯಿಗಿ ಹ್ಯಾಟಿ ತತ್ತಿ ಇಟ್ಟ ದಿನಾನೇ ಇದ್ದಲಿಲೆ ಗೀಟು ಎಳಿ, ಮೂರು ದಿನದ ಒಳಗಿಂದು ಮಾತ್ರ ತಾ, ನುಗ್ಗಿ ಸೊಪ್ಪು ಹಾಕು ಅಂತ ಹೇಳೀನಿ. ಅವ್ವ ಮಾತ್ರ "ಹಾಲು ಬರೋದು ಜವಾರಿಲಿಂದನೇ" ಅನ್ನೋದು ಬಿಟ್ಟಿಲ್ಲ. ಇದಕ್ಕೇನರೆ ಆಧಾರ ಅದ ಏನ್ರಿ?

ಬೀದರ್ ಪಶುವೈದ್ಯ

ಹಾಲು ಹೆಚ್ಚಲು ಕೂಸು ಮೇಲಿಂದ ಮೇಲೆ ಕುಡಿಯಬೇಕು, ತಾಯಿ ಹೊಟ್ಟೆ ತುಂಬ ಉಣ್ಣಬೇಕು, ನೀರು ಕುಡಿಯಬೇಕು. ತತ್ತಿಯ ಜಾತಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ನಾನು ಕೋಳಿ ಡಾಕ್ಟರ್, ತಂಗಿಯ ವಿಷಯ ಅವರ ಡಾಕ್ಟರನ್ನು ಕೇಳಿ.

ಚಿಂಚೋಳಿ ತೊಗರಿ

ಅಕ್ಕಾ, 15 ರೂಪಾಯಿ ಜಾಸ್ತಿ ಅಂತ ಆಯಿ ಕೂಡ ಚೌಕಾಸಿ ಮಾಡಬ್ಯಾಡ್ರಿ. ಜವಾರಿ ಹ್ಯಾಟಿ ಹನ್ನೆರಡೋ ಹದಿನೈದೋ ತತ್ತಿ ಇಟ್ಟು ಕಾವಿಗಿ ಕುಂತು ಬಿಡ್ತದ. ಮರಿ ಎಬ್ಬಿಸಿ ಅವು ದೊಡ್ಡವಾಗೋ ತನಕ ಮತ್ತ ಇಡಂಗಿಲ್ಲ. ವರ್ಷ ಪೂರಾ ಸೇರಿಸಿದ್ರ ಅರವತ್ತು ಎಪ್ಪತ್ತು ದಾಟಿದ್ರ ಹೆಚ್ಚು. ಅದರಾಗ ಮುಂಗಸಿ, ಬೆಕ್ಕು, ರೋಗ ಎಲ್ಲಾ ಕಳೀಬೇಕು.

ಅಂಗನವಾಡಿ ಅಕ್ಕ, ಯಾದಗಿರಿ

ಇನ್ನೊಂದು ಕೇಳಿ ಮುಗಸ್ತೀನಿ ಸರ್. ಇವತ್ತು ಫಾರಂ ಬಿಳಿ ತತ್ತಿ ಒಂದರಾಗೂ ಸಣ್ಣ ರಕ್ತದ ಚುಕ್ಕಿ ಕಂಡಿತು. ಹುಂಜ ಇಲ್ಲ ಅಂದ್ರಲ್ಲ, ಮತ್ತ ಅದು ಎಲ್ಲಿಂದ ಬಂತು?

ಬೀದರ್ ಪಶುವೈದ್ಯ

ಹಳದಿ ಕಳಚಿಕೊಂಡು ಕೆಳಗಿಳಿಯುವಾಗ ಸಣ್ಣ ರಕ್ತನಾಳ ಒಡೆದರೆ ಹಾಗೆ ಚುಕ್ಕೆ ಬೀಳುತ್ತದೆ, ಹುಂಜಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಂದು ತತ್ತಿಯ ತಳಿಗಳಲ್ಲಿ ಅದು ಇನ್ನೂ ಜಾಸ್ತಿ. ಒಂಟಿ ಚುಕ್ಕೆ ಇದ್ದರೆ ಚಮಚದಿಂದ ತೆಗೆದು ಪೂರ್ತಿ ಬೇಯಿಸಿ ಕೊಡಬಹುದು. ಬಳೆಯಂತೆ ಸುತ್ತುಗಟ್ಟಿದ ಗೆರೆ ಇದ್ದರೆ, ಇಲ್ಲವೇ ವಾಸನೆ ಬಂದರೆ ಕೊಡಬೇಡಿ.